ಬೇಕಾದಷ್ಟು ನೀರು

ಕರೆಂಟು ಹೋದರೆ ಬನಹಟ್ಟಿಯಲ್ಲಿ ಎಲ್ಲರೂ ಬೈಯುತ್ತಾರೆ, ವಂದನಾ ಮಾತ್ರ ಓಡುತ್ತಾಳೆ. ಮನೆಯ ಹಿಂದಿನ ನಾಲ್ಕು ಮಗ್ಗ, ಪಕ್ಕದ ಮನೆಯ ಆರು, ಎದುರಿನ ಓಣಿಯ ಅಷ್ಟೂ ಮಗ್ಗಗಳು ಒಮ್ಮೆಲೇ ಬಾಯಿ ಮುಚ್ಚಿದಾಗ, ಗುಡಿಯಲ್ಲಿ ಗಂಟೆ ನಿಂತ ಮೇಲಿನಂಥದೊಂದು ಮೌನ ಇಳಿಯುತ್ತದೆ. ಆ ಮೌನ ಮುಗಿಯುವುದರೊಳಗೆ ಅವಳು ನೂಲಿನ ಕೋಣೆ ಸೇರಿ, ಕದ ಹಾಕಿ, ಮೊಬೈಲಿನಲ್ಲಿ ತನ್ನ ದನಿ ಮುದ್ರಿಸಿಕೊಳ್ಳುತ್ತ ಓದಬೇಕು. ಸುತ್ತಲೂ ಸೂರಿನವರೆಗೆ ಒಟ್ಟಿದ ನೂಲಿನ ಗಂಟುಗಳು. ಅಲ್ಲಿ ದನಿ ಗೋಡೆಗೆ ಬಡಿದು ತಿರುಗಿ ಬರುವುದಿಲ್ಲ, ಹತ್ತಿಯೊಳಗೆ ಹುದುಗಿ ಹೋಗುತ್ತದೆ. ಹುಬ್ಬಳ್ಳಿಯ ವೈಶಾಲಿ ಆ ದನಿಯನ್ನು ಮೊದಲ ಸಲ ಕೇಳಿದಾಗ, "ಯಾವ ಸ್ಟುಡಿಯೋ ರೀ ಇದು?" ಅಂದಿದ್ದಳು.

ವೈಶಾಲಿಯ ಕಂಪನಿಯದು ಬೇರೆ ಭಾಷೆಯ ಅಡುಗೆ ವಿಡಿಯೋಗಳನ್ನು ಕನ್ನಡಕ್ಕೆ ತರುವ ಕೆಲಸ. ಪರದೆಯ ಮೇಲಿನ ಬರಹವೂ ಕನ್ನಡವಾಗಬೇಕು, ಹಿನ್ನೆಲೆಯ ಮಾತೂ ಕನ್ನಡವಾಗಬೇಕು. ಅರವತ್ತು ವಿಡಿಯೋಗಳ ಒಂದು ಮಾಲೆ ಇತ್ತು. ಅದಕ್ಕಾಗಿ ಆರು ಜನರಿಗೆ ಒಂದೇ ವಿಡಿಯೋ ಪರೀಕ್ಷೆಗೆ ಕೊಟ್ಟಿದ್ದರು. ಆರರಲ್ಲಿ ಒಬ್ಬಳು ವಂದನಾ.

ಕೆಲಸ ಸಿಕ್ಕರೆ ನೂಲಿನ ಕೋಣೆ ಅವಳದು. ಸಿಗದಿದ್ದರೆ ಅಲ್ಲಿ ಐದನೆಯ ಮಗ್ಗ ಬರುತ್ತದೆ. ಇದು ಮಾವ ಬಸಗೊಂಡಪ್ಪ ಎಲ್ಲರೆದುರು ಆಡಿದ ಮಾತು. ಅವನು ಆಡಿದ ಮಾತು ತಪ್ಪುವವನಲ್ಲ. ಆದರೆ ಅಳತೆಪಟ್ಟಿ ಹಿಡಿದು ಆ ಕೋಣೆಯ ಬಾಗಿಲನ್ನು ವಾರಕ್ಕೆರಡು ಸಲ ಅಳೆಯುವುದನ್ನು ಬಿಟ್ಟಿರಲಿಲ್ಲ.

"ಮಾವಾರ, ಬಾಗ್ಲಾ ಏನ್ ದಿನಾ ಬೆಳೀತೈತೇನ್ರಿ?" ಎಂದು ವಂದನಾ ಕೇಳಿದರೆ,

"ಇಲ್ಲವಾ, ಮಗ್ಗ ಹಿಡೀತೈತಿಲ್ಲೋ ಅಂತ ಖಾತ್ರಿ ಮಾಡ್ಕೊಳ್ಳಾಕತ್ತೇನಿ. ನೀ ಓದು," ಎಂದು ಮೀಸೆಯಲ್ಲೇ ನಗುತ್ತಿದ್ದ.

ಪರೀಕ್ಷೆಗೆ ಬಂದ ವಿಡಿಯೋ ನೋಡಿ ಅತ್ತೆ ಶೇವಂತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಮುಂಬೈಯ ಹೊಳೆಯುವ ಅಡುಗೆಮನೆಯಲ್ಲಿ ಚೂಪು ಉಗುರಿನ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಏನೋ ದೊಡ್ಡ ಹೆಸರು ಹೇಳಿ ಮಾಡುತ್ತಿದ್ದುದು ಶೇಂಗಾ ಹೋಳಿಗೆ.

"ಅಯ್ಯ ಶಿವನ! ನಮ್ಮ ಹೋಳಗಿ ಮುಂಬೈಕ ಹೋಗಿ ಇಂಗ್ಲಿಷ್ ಕಲ್ತು ಬಂದೈತಿ. ಈಗ ಅದಕ್ಕ ನೀ ತಿರಗಿ ಕನ್ನಡ ಕಲಸಬೇಕೇನ?"

"ಹೂಂನ್ರಿ ಅತ್ತಿ. ಕಪ್ಪು, ಮಿಲಿ, ಗ್ರಾಂ ಅನ್ನೂದೆಲ್ಲಾ ಮನಿ ಅಡಗಿಗೆ ಹೊಂದೂವಂಗ ಮಾಡಬೇಕಂತ. ಹುರಿಯೂದು, ಕುದಸೂದು ಎಲ್ಲಾ ಅಡಗಿಮನಿ ಮಾತಿನಾಗ ಇರಬೇಕಂತ."

ವಂದನಾ ಅಡುಗೆಯಲ್ಲಿ ದಡ್ಡಿಯಲ್ಲ, ಕನ್ನಡದಲ್ಲಂತೂ ಎಂ.ಎ. ಎರಡು ದಿನ ಕುಳಿತಳು. ಕೆಲಸ ಕೇಳಿದಷ್ಟು ಹಗುರವಿರಲಿಲ್ಲ. ಬರಹ ಎರಡು ಸಾಲು ಮೀರಬಾರದು. ಮಾತು ಆ ದೃಶ್ಯ ಇರುವಷ್ಟರಲ್ಲೇ ಮುಗಿಯಬೇಕು. ಪರದೆಯ ಮೇಲಿನ ಕೈ ಹಿಟ್ಟು ಸುರಿಯುವಾಗ ಬಾಯಿ ಎಣ್ಣೆಯ ಸುದ್ದಿ ಹೇಳುತ್ತಿರಬಾರದು. ಅವಳು ಕಪ್ಪನ್ನು ಮನೆಮನೆಯ ಬಟ್ಟಲು, ಅಂದರೆ ವಾಟಿ ಮಾಡಿದಳು. ದೊಡ್ಡ ಚಮಚ, ಸಣ್ಣ ಚಮಚ ಎರಡನ್ನೂ ಚಮಚ ಮಾಡಿದಳು. ನಡುಮಟ್ಟದ ಶಾಖ ಮಧ್ಯಮ ಉರಿಯಾಯಿತು. ಮಿಕ್ಸರನ್ನು ಕ್ಷಣ ಕ್ಷಣ ಬಿಟ್ಟು ತಿರುಗಿಸುವುದಕ್ಕೆ 'ರುಬ್ಬಿ' ಎಂದು ಬರೆದಳು. ಕಣಕಕ್ಕೆ 'ಬೇಕಾದಷ್ಟು ನೀರು' ಅಂದಳು. ಓದಿ ನೋಡಿದರೆ ಎಲ್ಲ ಸಲೀಸಾಗಿತ್ತು, ಹಾಡಿದಂತೆ ಕೇಳುತ್ತಿತ್ತು.

ವೈಶಾಲಿಯ ನಿಯಮ ಇನ್ನೊಂದಿತ್ತು. ಬೇರೆ ಬೇರೆ ಊರಿನ ಮೂವರು ಈ ಕನ್ನಡ ವಿಡಿಯೋ ನೋಡಿ ಅಡುಗೆ ಮಾಡಿ ಫೋಟೋ ಕಳಿಸಬೇಕು. ಅದನ್ನು ವಂದನಾ ತನ್ನ ಕೆಲಸದ ಜೊತೆ ವೈಶಾಲಿಗೆ ಕಳಿಸಬೇಕು. ವಂದನಾ ತನ್ನ ಚಿಕ್ಕವ್ವ, ಮುಧೋಳದ ಕಡೆಯ ರನ್ನ ಬೆಳಗಲಿಯ ಸತ್ಯವ್ವನಿಗೆ ಕಳಿಸಿದಳು. ಜಮಖಂಡಿಯಲ್ಲಿರುವ ಕಾಲೇಜು ಗೆಳತಿ ಭಾಗ್ಯಾಳಿಗೆ ಕಳಿಸಿದಳು. ಬೀಳಗಿ ತಾಲೂಕಿನ ಬಾಡಗಂಡಿಗೆ ಕೊಟ್ಟ ನಾದಿನಿ ಸರಿತಾಳಿಗೆ ಕಳಿಸಿದಳು.

ಮರುದಿನವೇ ಮೂರೂ ಕಡೆಯಿಂದ ಫೋಟೋ ಬಂದವು. ಹುಣ್ಣಿಮೆ ಚಂದ್ರನಂಥ ಹೋಳಿಗೆಗಳು. ಅಂಚು ಒಡೆದಿಲ್ಲ, ಹೂರಣ ಹೊರಬಂದಿಲ್ಲ. ಸತ್ಯವ್ವನ ತಟ್ಟೆಯಲ್ಲಂತೂ ತುಪ್ಪ ಕೆರೆ ಕಟ್ಟಿತ್ತು. ಶೇವಂತಿ ಮೂರನ್ನೂ ಗಂಡನ ಮೂಗಿಗೆ ಹಿಡಿದು ತೋರಿಸಿದಳು.

"ನೋಡ್ರಿಲ್ಲೆ. ಮೂರಕ್ಕ ಮೂರೂ ಪಾಸು. ನಿಮ್ಮ ಅಳತಿಪಟ್ಟಿ ಸುತ್ತಿಡ್ರಿ."

ಬಸಗೊಂಡಪ್ಪ ಕನ್ನಡಕ ಏರಿಸಿ ನೋಡಿದ. "ಛಲೋ ಆಗ್ಯಾವು," ಎಂದು ಒಪ್ಪಿಕೊಂಡ. ಅಳತೆಪಟ್ಟಿ ಜೇಬಿಗೆ ಹೋಯಿತು.

ಸಂಜೆ ಎಲ್ಲವನ್ನೂ ಒಟ್ಟುಗೂಡಿಸಿ ಕಳಿಸುವ ಮುನ್ನ ವಂದನಾ ಕೊನೆಯ ಸಲ ವಿಡಿಯೋ ನೋಡಿದಳು. ಮೂರನೆಯ ನಿಮಿಷಕ್ಕೆ ತಡೆದು, ಹಿಂದಕ್ಕೆ ತಂದು ಮತ್ತೆ ನೋಡಿದಳು. ಪರದೆಯ ಮೇಲೆ ಅವಳೇ ಬರೆದಿದ್ದಳು: 'ಎಳ್ಳು ಮುಕ್ಕಾಲು ವಾಟಿ. ಬೆಲ್ಲ ಎರಡು ಚಮಚ.' ಅವಳದೇ ದನಿ ಅದನ್ನೇ ಅಷ್ಟೇ ಮಧುರವಾಗಿ ಹೇಳುತ್ತಿತ್ತು. ಎರಡು ಸಾಲುಗಳ ಅಳತೆ ಅದಲುಬದಲಾಗಿತ್ತು. ಅದನ್ನು ನಂಬಿ ಮಾಡಿದವರಿಗೆ ಸಿಕ್ಕಬೇಕಾದದ್ದು ಕಹಿ ಎಳ್ಳಿನ ರೊಟ್ಟಿ.

ಹಾಗಾದರೆ ಆ ಹುಣ್ಣಿಮೆ ಚಂದ್ರಗಳು ಎಲ್ಲಿಂದ ಬಂದವು?

ಸತ್ಯವ್ವನಿಗೆ ಫೋನು ಹಚ್ಚಿದಳು. "ಚಿಗವ್ವಾ, ವಿಡಿಯೋ ನೋಡಿ ಮಾಡಿದಿ ಹೌದಲ್ಲ?"

"ನೋಡೇನ್ ತಂಗಿ, ಎಲ್ಡ ಸಲ ನೋಡೇನಿ. ನಿನ್ನ ದನಿ ಏನ್ ಛಂದ ಐತೆ! ಓಣಿ ಮಂದೀಗೆಲ್ಲಾ ಕೇಳ್ಸೇನಿ."

"ಬೆಲ್ಲಾ ಎಷ್ಟ್ ಹಾಕಿದಿ?"

"ಬೆಲ್ಲಾನ? ಹಾಕೂವಷ್ಟು ಹಾಕೇನಿ."

"ನಾ ಹೇಳಿದ್ದು ಎಲ್ಡ ಚಮಚಾ ಚಿಗವ್ವಾ."

ಸತ್ಯವ್ವ ಸಮಾಧಾನದ ದನಿಯಲ್ಲಿ, "ನೀ ಏನರ ಹೇಳಿರ್ತಿ ಬಿಡವಾ, ಸಣ್ಣಾಕಿ. ನನ್ನ ಕೈಗೆ ಗೊತ್ತಿಲ್ಲೇನ?" ಅಂದಳು.

ಭಾಗ್ಯಾ ವಿಡಿಯೋವನ್ನು ದನಿ ಬಂದ್ ಮಾಡಿ ನೋಡಿದ್ದಳು, ಮಗು ಮಲಗಿತ್ತಂತೆ. ಬರಹ ಓದಿರಲಿಲ್ಲ, ಹುಡುಗಿಯ ಉಗುರು ನೋಡುತ್ತಿದ್ದಳಂತೆ. ಸರಿತಾ ನೋಡಿಯೇ ಇರಲಿಲ್ಲ. "ವೈನಿ, ಮಾಡಿದ್ದು ನಮ್ಮತ್ತಿ," ಎಂದು ಮೆಲ್ಲಗೆ ಒಪ್ಪಿಕೊಂಡಳು. "ಫೋಟೋ ತಗದದ್ದು ಮಾತ್ರ ನಾನು, ಖರೆ."

ವಂದನಾ ಹಣೆಗೆ ಕೈಹಚ್ಚಿ ಕುಳಿತಳು.

"ತಿದ್ದಿ ಕಳಿಸಿಬಿಡು," ಅಂದಳು ಶೇವಂತಿ. "ಫೋಟೋ ಅಂತೂ ಅದಾವಲ್ಲ. ಹುಬ್ಬಳ್ಳಿಯಾಕಿಗೆ ಏನ್ ಕನಸ ಬೀಳ್ತೈತೆ?"

"ಎಳ್ಳು ಬೆಲ್ಲಾ ತಿದ್ದತೇನ್ರಿ ಅತ್ತಿ. ಉಳದದ್ದು ತಪ್ಪೋ ನೆಟ್ಟಗೋ ಹೆಂಗ ಗೊತ್ತಾಗಬೇಕು? ಇವರು ಯಾರೂ ನನ್ನ ಮಾತಾ ಕೇಳಿಲ್ಲ. ಏನೂ ಬರದವರು ನೋಡಿ ಮಾಡಿದ್ರ ಏನಾಕ್ಕೈತಿ?"

"ಏನೂ ಬರದವ್ರು ಎಲ್ಲೆ ಸಿಗತಾರ?"

ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ತಲೆ ಎತ್ತಿದರು. ಹೊಸ್ತಿಲಲ್ಲಿ ಬಸಗೊಂಡಪ್ಪ ಚಹಾದ ಕಪ್ಪು ಹಿಡಿದು ನಿಂತಿದ್ದ, ಸಕ್ಕರೆ ಡಬ್ಬಿ ಯಾವುದೆಂದು ಕೇಳಲಿಕ್ಕೆ.

ಅರವತ್ತೆರಡು ವರ್ಷದಲ್ಲಿ ಅವನು ಒಲೆ ಹಚ್ಚಿದವನಲ್ಲ. ಕೇಳಿದ ಕೂಡಲೇ ಒಪ್ಪಿಬಿಟ್ಟ. ಕಣ್ಣಲ್ಲಿ ಒಂದು ಕಿಡಿಗೇಡಿ ಮಿಂಚಿತ್ತು. ಅಳತೆಪಟ್ಟಿ ಇದ್ದ ಜೇಬನ್ನೊಮ್ಮೆ ತಟ್ಟಿಕೊಂಡ.

"ಮಾಡ್ತೇನಿ. ಆದ್ರ ಒಂದ್ ಮಾತು. ಮಗ್ಗದಾಗ ನಕ್ಷಿಗೆ ತೂತು ಹೊಡದ ರಟ್ಟಿನ ಪಟ್ಟಿ ಇರತೈತಿ. ಪಟ್ಟ್ಯಾಗ ತೂತು ಇದ್ದಲ್ಲೆ ಎಳಿ ಏಳತೈತಿ, ಇಲ್ಲದಲ್ಲೆ ಏಳೂದಿಲ್ಲ. ಮಗ್ಗ ತನ್ನ ಶ್ಯಾಣ್ಯಾತನ ತೋರಸೂದಿಲ್ಲ. ನಾನೂ ಹಂಗ. ನೀ ಹೇಳಿದ್ದಷ್ಟ ಮಾಡ್ತೇನಿ. ಹೇಳದ್ದು ಮಾಡಂಗಿಲ್ಲ. ಯಾರೂ ನಡಬರಕ ಬಾಯಿ ಹಾಕಬಾರದು. ಏ ಶೇವಂತಿ, ನಿನಗ ಹೇಳಾಕತ್ತೇನಿ."

ಅಮಾವಾಸ್ಯೆಯ ದಿನ ಮಗ್ಗಗಳಿಗೆ ಸೂಟಿ, ಅಂದು ಯಾರೂ ನೇಯುವುದಿಲ್ಲ. ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಬಸಗೊಂಡಪ್ಪ ಅಡುಗೆಮನೆಗೆ ಬಂದ. ಮಗ್ಗಕ್ಕೆ ಮುಗಿಯುವಂತೆಯೇ ಗ್ಯಾಸಿನ ಒಲೆಗೂ ಕೈ ಮುಗಿದ. ಮೊಬೈಲನ್ನು ಉಪ್ಪಿನ ಡಬ್ಬಿಗೆ ಆನಿಸಿದ. ಶೇವಂತಿ ಮೂಲೆಯ ಮಣೆಯ ಮೇಲೆ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಕುಳಿತಳು. ವಂದನಾ ವಹಿ, ಪೆನ್ನು ಹಿಡಿದು ಬಾಗಿಲಲ್ಲಿ ನಿಂತಳು.

'ಒಂದು ವಾಟಿ ಶೇಂಗಾ' ಅಂದಿತು ಎಳ್ಳು ಬೆಲ್ಲ ತಿದ್ದಿದ ವಿಡಿಯೋ. ಅವನು ಕೈಗೆ ಸಿಕ್ಕ ಉಪ್ಪಿನಕಾಯಿಯ ವಾಟಿಯಿಂದ ಶೇಂಗಾ ಅಳೆದ. 'ಮುಕ್ಕಾಲು ವಾಟಿ ಬೆಲ್ಲ' ಅಂದಿತು. ಉಪ್ಪಿನಕಾಯಿ ವಾಟಿಯಲ್ಲಿ ಶೇಂಗಾ ಇತ್ತಲ್ಲ, ಅದಕ್ಕೆ ಸಾರಿನ ವಾಟಿ ತೆಗೆದುಕೊಂಡ. ಅದು ಮೊದಲಿನದರ ಎರಡರಷ್ಟು. ಅದರೊಳಗೆ ಬೆಲ್ಲದ ಹೆಂಟೆಗಳನ್ನು ಅಂಗೈಯಿಂದ ಒತ್ತಿ ಒತ್ತಿ ಮುಕ್ಕಾಲಿನವರೆಗೆ ತುಂಬಿದ. ಶೇವಂತಿಯ ಹಲ್ಲುಗಳ ನಡುವೆ ಸೆರಗು ಚರ್ರೆಂದಿತು.

'ಮಧ್ಯಮ ಉರಿಯಲ್ಲಿ ಹುರಿಯಿರಿ.'

ಬಸಗೊಂಡಪ್ಪ ಒಲೆಯ ಗುಂಡಿಯನ್ನು ಪೂರ್ತಿ ತಿರುಗಿಸಿ ನೋಡಿದ, ವಾಪಸ್ಸು ತಂದ, ಕಣ್ಣಳತೆಯಲ್ಲಿ ಸರಿಯಾಗಿ ಮಧ್ಯಕ್ಕೆ ನಿಲ್ಲಿಸಿದ. ಆ ಒಲೆಯ ಗುಂಡಿ ಮಧ್ಯದಲ್ಲಿದ್ದಾಗಲೇ ಉರಿ ಎಲ್ಲಕ್ಕಿಂತ ಜೋರು, ಕೊನೆಗೆ ತಿರುಗಿಸಿದಾಗ ಸಣ್ಣದು. ಬೆಂಕಿ ಬಾಣಲೆಯ ಕಿವಿಯವರೆಗೆ ಎದ್ದಿತು. ಶೇಂಗಾ ಚಟಪಟ ಎಂದು ಕಪ್ಪಾಗತೊಡಗಿದವು.

"ಹೊಗಿ ಬರಾಕತ್ತೈತಿ," ಎಂದ, ವಂದನಾಳ ಮುಖ ನೋಡದೆ. "ಆದ್ರ ನೀ ಹೊಗಿ ಬಗ್ಗೆ ಏನೂ ಹೇಳಿಲ್ಲ."

'ಸಿಪ್ಪೆ ತೆಗೆಯಿರಿ' ಎಂದದ್ದಕ್ಕೆ ಒಂದೊಂದೇ ಬೀಜವನ್ನು ಉಗುರಿನಿಂದ ಸುಲಿದ. ಹಾಳಾದ ಎಳೆ ಹುಡುಕುವವನ ತಾಳ್ಮೆ. ಮುಕ್ಕಾಲು ಗಂಟೆ ಹಿಡಿಯಿತು. ಅಂಗೈಯಲ್ಲಿ ತಿಕ್ಕಿ ಮೊರದಲ್ಲಿ ಕೇರಿದರೆ ಎರಡು ನಿಮಿಷದ ಕೆಲಸ. ಶೇವಂತಿ ಎದ್ದು ನಿಂತಳು, ವಂದನಾ ಕೈಹಿಡಿದು ಕೂರಿಸಿದಳು.

'ಮಿಕ್ಸರಿನಲ್ಲಿ ರುಬ್ಬಿ.'

"ರುಬ್ಬೂದಂದ್ರ ನೀರು ಹಾಕಿನ ಅಲ್ಲ? ಇಡ್ಲೀಗೆ ಇಕಿ ಹಂಗ ಮಾಡ್ತಾಳ, ನಾ ನೋಡೇನಿ." ನೀರು ಹಾಕಿ, ಮಿಕ್ಸರು ಬಿಸಿಯಾಗುವವರೆಗೆ ತಿರುಗಿಸಿದ. ಹೂರಣ ಆಗಬೇಕಾದದ್ದು ಕಪ್ಪು ಚಟ್ನಿಯಾಯಿತು. ಅದಕ್ಕೆ ಆ ಬೆಲ್ಲವೂ ಬಿದ್ದಾಗ ಪಾತ್ರೆಯಲ್ಲಿ ಒಂದು ಸಣ್ಣ ಹೊಂಡವೇ ಆಯಿತು.

ಕೊನೆಗೆ ಕಣಕ. 'ಬೇಕಾದಷ್ಟು ನೀರು ಹಾಕಿ ನಾದಿರಿ.'

ಬಸಗೊಂಡಪ್ಪ ವಿಡಿಯೋ ನಿಲ್ಲಿಸಿದ. ತಂಬಿಗೆ ಕೈಯಲ್ಲಿ ಹಿಡಿದು ಬಹಳ ಹೊತ್ತು ಯೋಚಿಸಿದ.

"ಬೇಕಾದಷ್ಟು ಅಂದ್ರ ಯಾರಿಗೆ ಬೇಕಾದಷ್ಟವಾ? ಹಿಟ್ಟಿಗೋ, ನನಗೋ, ನಿನಗೋ?"

ವಂದನಾ ನಗಲಿಲ್ಲ. ಆ ಪ್ರಶ್ನೆಯನ್ನು ವಹಿಯಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು.

ಅವನು ತಂಬಿಗೆ ಬಗ್ಗಿಸಿದ. ಆಮೇಲೆ ಆದದ್ದನ್ನು ಹೋಳಿಗೆ ಎಂದು ಕರೆಯುವುದು ಹೋಳಿಗೆಗೆ ಅವಮಾನ. ತವೆಯ ಮೇಲೆ ಅದು ಹರಿಯಿತು, ಹತ್ತಿತು, ಕರಿದಾಯಿತು. ಸಟ್ಟುಗದಿಂದ ಕೆತ್ತಿ ತಟ್ಟೆಗೆ ಹಾಕಿ, ದೇವರಿಗೆ ಎಡೆ ಇಡುವವನ ಭಕ್ತಿಯಿಂದ ಸೊಸೆಯ ಮುಂದೆ ಇಟ್ಟ.

"ಪಟ್ಟಿ ಹೆಂಗೋ ಸೀರಿ ಹಂಗ," ಅಂದ. "ಐದನೇ ಮಗ್ಗ ಕೂಡಸೂ ಮಿಸ್ತ್ರಿಗೆ ಐದ ದಿವಸ ಬಿಟ್ಟು ಬಾ ಅಂತ ಹೇಳಲೇನ?"

ಶೇವಂತಿಯ ಹಲ್ಲಿನಿಂದ ಸೆರಗು ಬಿಟ್ಟಿತು. ನಲವತ್ತು ವರ್ಷ ಒಳಗೆ ಇಟ್ಟುಕೊಂಡಿದ್ದೆಲ್ಲ ಒಮ್ಮೆಗೇ ಬಂತು. "ಶೇಂಗಾ ಸುಡಾಕತ್ತಾವಂತ ಮೂಗಿಗೆ ತಿಳಿಯೂದಿಲ್ಲೇನ್ರಿ ನಿಮಗ? ಬೇಕಂತನ ಮಾಡೀರಿ!"

"ದೇವರ ಆಣಿ, ಇಲ್ಲ." ಅವನ ಮುಖದಲ್ಲಿ ನಿಜವೂ ಇತ್ತು, ತುಂಟತನವೂ ಇತ್ತು. ಎರಡನ್ನೂ ಬಿಡಿಸಿ ನೋಡಲು ಯಾರಿಂದಲೂ ಆಗುವಂತಿರಲಿಲ್ಲ.

ವಂದನಾಳಿಗೆ ಅದು ಬೇಕಾಗಿಯೂ ಇರಲಿಲ್ಲ. ವಹಿಯಲ್ಲಿ ಹನ್ನೊಂದು ತಪ್ಪು ಬಿದ್ದಿದ್ದವು. ಹನ್ನೊಂದೂ ಅವಳವು.

ಅವತ್ತು ಮಧ್ಯಾಹ್ನ ಅಡುಗೆಮನೆಯ ವಾಟಿಗಳನ್ನೆಲ್ಲ ನೆಲಕ್ಕೆ ಹರವಿದಳು. ಮದುವೆಯಲ್ಲಿ ಬಂದವು, ಸೀಮಂತದಲ್ಲಿ ಬಂದವು, ಹೆಸರು ಕೊರೆದವು, ಬೇರೆ ಮನೆಯಿಂದ ಬಂದು ಮರಳಿ ಹೋಗದವು, ಒಟ್ಟು ಹದಿನಾಲ್ಕು. ಒಂದರಂತೆ ಇನ್ನೊಂದಿಲ್ಲ. ಅರ್ಧ ಲೀಟರಿನ ನೀರಿನ ಬಾಟಲಿ ತಂದು ಒಂದೊಂದರಲ್ಲೂ ಸುರಿದು ನೋಡಿದಳು. ಅವುಗಳಲ್ಲಿ ಒಂದು ವಾಟಿ ಎರಡು ಸಲ ತುಂಬಿದರೆ ಬಾಟಲಿ ಖಾಲಿಯಾಗುತ್ತಿತ್ತು. ಮುಂಬೈ ಹುಡುಗಿಯ ಕಪ್ಪು ಹೆಚ್ಚುಕಡಿಮೆ ಅಷ್ಟೇ. ಬಾಟಲಿ ಯಾವ ಮನೆಯಲ್ಲಿಲ್ಲ? ವಿಡಿಯೋದ ಮೊದಲ ದೃಶ್ಯದಲ್ಲೇ ಬರೆದಳು: 'ಅರ್ಧ ಲೀಟರ್ ಬಾಟಲಿ ಎರಡು ಸಲಕ್ಕೆ ಖಾಲಿಯಾಗುವ ವಾಟಿ ತೆಗೆದುಕೊಳ್ಳಿ. ಕೊನೆಯವರೆಗೂ ಅದೊಂದೇ ವಾಟಿ.' ಬೆಲ್ಲಕ್ಕೆ 'ಹೆರೆದದ್ದು, ಒತ್ತದೆ' ಎಂದು ಸೇರಿಸಿದಳು. ಚಮಚ ಬಂದಲ್ಲೆಲ್ಲ ಊಟದ ಚಮಚವೋ ಚಹಾದ ಚಮಚವೋ ಎಂದು ಬಿಡಿಸಿ ಹೇಳಿದಳು.

ಉರಿಗೆ ಗುಂಡಿಯನ್ನು ಬಿಟ್ಟು ಬೆಂಕಿಯನ್ನೇ ಹಿಡಿದಳು: 'ಉರಿ ಬಾಣಲೆಯ ತಳ ಮುಟ್ಟಲಿ, ಹೊರಗೆ ಬರಬಾರದು.' ಎಷ್ಟು ಹೊತ್ತು ಎಂಬುದಕ್ಕೆ ಶೇವಂತಿ, "ಮಂಗಳಾರತಿ ಪದ ಒಂದು ಮುಗಿಯೂತನಾ," ಎಂದಳು. ವಂದನಾ ಅತ್ತೆಯನ್ನು ಹಾಡಿಸಿ ಗಡಿಯಾರ ನೋಡಿದಳು, ಆರು ನಿಮಿಷ. ನಿಮಿಷವನ್ನೂ ಬರೆದಳು, ಜೊತೆಗೆ 'ಸಿಪ್ಪೆ ಬಿರಿದು, ಬೀಜ ಬಾಯಿಗೆ ಹಾಕಿದರೆ ಕಟಕಟ ಎನ್ನಬೇಕು' ಎಂದೂ ಬರೆದಳು.

ಮಿಕ್ಸರಿನ ದೃಶ್ಯ ನಾಲ್ಕೇ ಸೆಕೆಂಡು. ಹೇಳಬೇಕಾದದ್ದು ಬಹಳ. ಒಂಬತ್ತು ಸಲ ಬರೆದು ಹೊಡೆದು ಹಾಕಿದಳು. ಕೊನೆಗೆ ಅರ್ಧವನ್ನು ದನಿಗೆ ಕೊಟ್ಟಳು: 'ನೀರು ಹಾಕದೆ, ಬಿಟ್ಟು ಬಿಟ್ಟು ತಿರುಗಿಸಿ.' ಇನ್ನರ್ಧವನ್ನು ಪರದೆಗೆ ಕೊಟ್ಟಳು: 'ರವೆಯಷ್ಟು ತರಿ ಇರಲಿ.' ಕಿವಿ ಒಂದನ್ನು ಕೇಳುವಾಗ ಕಣ್ಣು ಇನ್ನೊಂದನ್ನು ಓದುತ್ತದೆ.

ಕಣಕದ ಹತ್ತಿರ ಬಂದಾಗ ಪೆನ್ನು ನಿಂತಿತು. ಅತ್ತೆ ನಾದುವುದನ್ನು ನೋಡಿದಳು. ನೀರು ಅರ್ಧ ವಾಟಿಗಿಂತ ಹೆಚ್ಚು ಹೋಗಲಿಲ್ಲ, ಅದೂ ಹನಿಹನಿಯಾಗಿ. "ಎಲ್ಲೆ ನಿಲ್ಲಸಬೇಕಂತ ಹೆಂಗ ತಿಳೀತೈತ್ರಿ ಅತ್ತಿ?" ಶೇವಂತಿ ಹಿಟ್ಟಿನ ಕೈಯಿಂದಲೇ ಸೊಸೆಯ ಕಿವಿಯ ಹಾಲೆ ಹಿಂಡಿ, "ಹಿಂಗ ಹತ್ತಬೇಕು," ಅಂದಳು. ಅದನ್ನೇ ಬರೆದಳು.

ಅವತ್ತು ಮಗ್ಗಗಳೆಲ್ಲ ಸುಮ್ಮನಿದ್ದವು. ನೂಲಿನ ಗಂಟುಗಳ ನಡುವೆ ಕುಳಿತು ಮೊದಲಿನಿಂದ ಓದಿ ಮುಗಿಸಿದಳು.

ಮರುದಿನ ಬಸಗೊಂಡಪ್ಪ ಮತ್ತೆ ಒಲೆಗೆ ಕೈ ಮುಗಿದ. ಬಾಟಲಿ ತಂದು ವಾಟಿ ಹುಡುಕಿದ. ಬಗ್ಗಿ ಉರಿಯ ತಳ ನೋಡಿದ. ಕಣಕವನ್ನೊಮ್ಮೆ ಹಿಂಡಿದ, ತನ್ನ ಕಿವಿಯನ್ನೊಮ್ಮೆ ಹಿಂಡಿದ, ಮತ್ತೆ ಕಣಕ, ಮತ್ತೆ ಕಿವಿ. ಹೋಳಿಗೆ ತವೆಗೆ ಬೀಳುವ ಹೊತ್ತಿಗೆ ಎರಡೂ ಕಿವಿ ಬಿಳಿಯಾಗಿದ್ದವು. ಹೋಳಿಗೆ ದುಂಡಗಿರಲಿಲ್ಲ. ಒಂದು ಬದಿಗೆ ಬಾಲ ಬಂದಿತ್ತು, ಇನ್ನೊಂದು ಬದಿಗೆ ಹೂರಣ ಇಣುಕಿತ್ತು. ಆದರೆ ಬಾಯಿಗೆ ಹಾಕಿದಾಗ ಅದು ಹೋಳಿಗೆಯೇ. ಸಿಹಿ ಸರಿ, ಹದ ಸರಿ, ಏಲಕ್ಕಿಯ ಘಮವೂ ಸರಿ.

ಅವನು ಎರಡನೆಯ ತುತ್ತು ತೆಗೆದುಕೊಂಡ. ಮೂರನೆಯದು ತಾನಾಗಿಯೇ ಹೋಯಿತು. ನಂತರ ಐದನೆಯ ಮಗ್ಗ ನೆನಪಾಗಿ ಅಗಿಯುವುದನ್ನು ನಿಧಾನ ಮಾಡಿದ.

ವಂದನಾ ಸತ್ಯವ್ವ, ಭಾಗ್ಯಾ, ಸರಿತಾರ ಫೋಟೋಗಳನ್ನು ಕಳಿಸಲಿಲ್ಲ. ಮಾವನ ಎರಡು ತಟ್ಟೆಗಳ ಫೋಟೋ ಕಳಿಸಿದಳು, ಕರಿಯದು ಮತ್ತು ಬಾಲದ್ದು. ಎಳ್ಳು ಬೆಲ್ಲ ಅದಲುಬದಲಾದದ್ದು, ಮೂವರೂ ತನ್ನ ಮಾತು ಕೇಳದೆ ಪಾಸಾದದ್ದು, ಹನ್ನೊಂದು ತಪ್ಪಿನ ಪಟ್ಟಿ, ಎಲ್ಲ ಬರೆದಳು. ಮಿಸ್ತ್ರಿ ಬರುವುದಕ್ಕೆ ಇನ್ನು ನಾಲ್ಕು ದಿನ ಇತ್ತು.

ಎರಡು ದಿನದ ಮೇಲೆ ವೈಶಾಲಿಯ ಫೋನು ಬಂತು. ವಂದನಾ ಎಲ್ಲರಿಗೂ ಕೇಳುವಂತೆ ಇಟ್ಟಳು, ಒಬ್ಬಳೇ ಕೇಳುವ ಧೈರ್ಯವಿರಲಿಲ್ಲ.

"ವಂದನಾ ಅವರ, ಉಳದ ಐದೂ ಮಂದಿ ಮೂರ್ ಮೂರ್ ಫೋಟೋ ಕಳಿಸ್ಯಾರ್ರಿ. ಹದಿನೈದೂ ಏನ್ ಛಂದ ಅಂತೀರಿ, ಚಿತ್ರ ಬರದಂಗ. ಒಬ್ಬಾಕಿ ಬರಹದಾಗ ಹಿಟ್ಟಿನ ಮಾತ ಇಲ್ಲ. ಆದ್ರೂ ಹೋಳಗಿ ಆಗೇತಿ!" ವೈಶಾಲಿ ನಗು ತಡೆಯಲಾರದೆ ಕೆಮ್ಮಿದಳು. "ಸುಟ್ಟದ್ದು ನಿಮ್ಮದೊಂದ ರೀ. ಅದಕ್ಕ ಕೆಲಸ ನಿಮಗ."

ಶೇವಂತಿ ಸೊಸೆಯ ಬೆನ್ನಿಗೊಂದು ಗುದ್ದು ಕೊಟ್ಟಳು.

"ಒಂದ್ ಷರತ್ತೈತ್ರಿ," ಎಂದಳು ವೈಶಾಲಿ. "ಅರವತ್ತೂ ವಿಡಿಯೋಕ್ಕ ಮೊದಲ ಮಾಡಿ ನೋಡೂದು ಅವರ ಇರಬೇಕು, ನಿಮ್ಮ ಮಾವಾರು. ಅವರಂಗ ಹೇಳಿದ್ದಷ್ಟ ಮಾಡೂ ಮಂದಿ ನಮಗ ಎಲ್ಲೂ ಸಿಕ್ಕಿಲ್ಲ. ಅದಾರೇನ್ರಿ ಅಲ್ಲೆ? ಒಂದ್ ಮಾತು ಕೇಳಬೇಕಿತ್ತು. ಅಜ್ಜಾರ, ಖರೆ ಹೇಳ್ರಿ, ನಿಮಗ ಅಡಗಿ ಬರತೈತೇನ್ರಿ? ಬರತೈತಿ ಅಂದ್ರ ನಾವು ಬ್ಯಾರೆ ಯಾರನ್ನರ ನೋಡಬೇಕಾಕ್ಕೈತಿ, ಈ ಮಾಲಿ ವಂದನಾ ಅವರಿಗೆ ಕೊಡೂದೂ ವಿಚಾರ ಮಾಡಬೇಕಾಕ್ಕೈತಿ."

ಬಸಗೊಂಡಪ್ಪ ಫೋನನ್ನು ನೋಡಿದ. ನಿನ್ನೆ ಸಂಜೆ ಅವನು ಓಣಿಯ ಕಟ್ಟೆಯ ಮೇಲೆ ಕುಳಿತು, ಶೇಂಗಾ ಹೋಳಿಗೆ ಮಾಡುವುದು ಹೇಗೆಂದು ನಾಲ್ವರಿಗೆ ಕಿವಿ ಹಿಂಡಿ ಹಿಂಡಿ ಹೇಳಿಕೊಟ್ಟಿದ್ದ. ಮೊನ್ನೆಯ ಎರಡನೆಯ ತಟ್ಟೆಯಿಂದ ಅವನ ಎದೆ ಒಂದು ಗೇಣು ಅಗಲವಾಗಿತ್ತು. ಬರುತ್ತದೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದೊಂದು ಮಾತು ಆಡಿದರೆ ಮಾನಕ್ಕೆ ಮಾನ, ಮಗ್ಗಕ್ಕೆ ಕೋಣೆ.

ಸೊಸೆ ಅವನ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ಹೆಂಡತಿ ಸೆರಗನ್ನು ಮತ್ತೆ ಹಲ್ಲಲ್ಲಿ ಕಚ್ಚಿಕೊಂಡಿದ್ದಳು, ಈ ಸಲ ನಗು ತಡೆಯಲಿಕ್ಕೆ.

ಅವನು ಜೇಬಿನಿಂದ ಅಳತೆಪಟ್ಟಿ ತೆಗೆದು ಫೋನಿನ ಪಕ್ಕದಲ್ಲಿಟ್ಟ. ಗಂಟಲು ಸರಿಮಾಡಿಕೊಂಡ.

"ಇಲ್ಲ ರೀ ಬಾಯಾರ," ಅಂದ, ಒಂದೊಂದು ಅಕ್ಷರವೂ ಹಲ್ಲು ಕಿತ್ತಂತೆ ಹೊರಬಂತು. "ನನಗ ಅಡಗಿ ಏನೇನೂ ಬರೂದಿಲ್ಲ."